ಕಿಟಕಿ ಬಾಗಿಲ ಮೇಲಿನ ಲಿಂಟಲ್, ಸಜ್ಜ: ಕಾಂಕ್ರೀಟು ಎಷ್ಟು, ಕಬ್ಬಿಣ ಎಷ್ಟು

ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಭಾವ ಮನೆ ಕಟ್ಟಿಸುತ್ತಿದ್ದಾರೆ. ಪಿಲ್ಲರ್ ಇಲ್ಲದ ಮನೆ. 9 ಇಂಚಿನ ಇಟ್ಟಿಗೆ ಗೋಡೆಯೇ ಭಾರ ಹೊರುತ್ತದೆ, ಅದರ ಮೇಲೆ ಆರ್‌ಸಿಸಿ ಬರುತ್ತದೆ. ಗೋಡೆ 7 ಅಡಿಗೆ ಬಂದಾಗ ಮೇಸ್ತ್ರಿ ಕೆಲಸ ನಿಲ್ಲಿಸಿ, ಲಿಂಟಲ್ಲಿಗೂ ಸಜ್ಜಕ್ಕೂ ಸೇರಿ ಒಂದು ಕ್ವಿಂಟಾಲ್ ಕಬ್ಬಿಣ, ಹತ್ತು ಮೂಟೆ ಸಿಮೆಂಟು ತರಿಸಿ ಅಂದರು. ಭಾವ ನನಗೆ ಫೋನ್ ಮಾಡಿದರು. "ಒಂದು ಸಲ ಲೆಕ್ಕ ಹಾಕಿಬಿಡೋ. ಕಡಿಮೆ ಬಿದ್ರೆ ಮತ್ತೆ ಆಟೋ ಬಾಡಿಗೆ, ಜಾಸ್ತಿ ಆದ್ರೆ ಮಳೇಲಿ ತುಕ್ಕು."

ಮೇಸ್ತ್ರಿ ಹೇಳಿದ ಒಂದು ಕ್ವಿಂಟಾಲ್ ಸುಮ್ನೆ ಬಂದ ಅಂದಾಜಲ್ಲ. ಕಾಂಕ್ರೀಟಿನ ಗಾತ್ರದಲ್ಲಿ ಶೇಕಡಾ 1 ಕಬ್ಬಿಣ ಅಂತ ಹಿಡಿಯುವ ರೂಢಿ ನಮ್ಮಲ್ಲಿದೆ. ಈ ಮನೆಗೆ ಹಾಗೆ ಹಿಡಿದರೆ 103 ಕೆಜಿ ಬರುತ್ತದೆ. ದೊಡ್ಡ ಸ್ಲ್ಯಾಬಿಗೆ ಇಂಥ ಲೆಕ್ಕ ಹತ್ತಿರಕ್ಕೆ ಬಂದೀತು. ಲಿಂಟಲ್ಲು ಸಜ್ಜಕ್ಕೆ ಬರುವುದಿಲ್ಲ. ಇಲ್ಲಿ ಕಾಂಕ್ರೀಟು ಸಣ್ಣದು, ಆದರೆ ರಿಂಗು, ಕೊಕ್ಕೆ, ಗೋಡೆಯೊಳಗೆ ಹೋಗಿ ಸುತ್ತಿ ಬರುವ ಸಜ್ಜದ ಕಂಬಿ, ಎಲ್ಲವೂ ಪೂರ್ತಿ ಅಳತೆಯಲ್ಲಿ ಬೇಕು. ಹಾಗಾಗಿ ಒಂದೊಂದು ಕಂಬಿಯ ಉದ್ದ ಬರೆದು ಕೂಡಿಸುವುದೇ ಸರಿ. ಸಮಯ ಹಿಡಿಯುತ್ತದೆ, ಆದರೆ ಕಷ್ಟದ ಕೆಲಸವೇನಲ್ಲ.

ಮೊದಲು ಟೇಪ್ ಹಿಡಿದು ಮನೆ ಸುತ್ತಿದೆ. ಲಿಂಟಲ್ಲು ಎರಡೂ ಕಡೆ ಗೋಡೆ ಮೇಲೆ 9 ಇಂಚು ಕೂರಬೇಕು, ಅಂದರೆ ಬಾಗಿಲಿನ ಅಗಲಕ್ಕೆ ಒಂದೂವರೆ ಅಡಿ ಸೇರಿಸಬೇಕು. ಸಜ್ಜ ಎರಡೂ ಕಡೆ 6 ಇಂಚು ಹೆಚ್ಚಿಗೆ ಇದ್ದರೆ ಸಾಕು, ಅಂದರೆ ಒಂದು ಅಡಿ ಸೇರಿಸಬೇಕು. ಒಳಗಿನ ಬಾಗಿಲುಗಳಿಗೆ ಸಜ್ಜ ಇಲ್ಲ.

| ಎಲ್ಲಿ | ಅಗಲ | ಎಷ್ಟು | ಒಂದರ ಲಿಂಟಲ್ ಉದ್ದ | ಒಂದರ ಸಜ್ಜ ಉದ್ದ |
|---|---|---|---|---|
| ಮುಂಬಾಗಿಲು | 3½ ಅಡಿ | 1 | 5 ಅಡಿ | 4½ ಅಡಿ |
| ಹಿತ್ತಿಲ ಬಾಗಿಲು | 3 ಅಡಿ | 1 | 4½ ಅಡಿ | 4 ಅಡಿ |
| ಒಳಬಾಗಿಲು | 3 ಅಡಿ | 3 | 4½ ಅಡಿ | ಇಲ್ಲ |
| ಬಚ್ಚಲ ಬಾಗಿಲು | 2½ ಅಡಿ | 1 | 4 ಅಡಿ | ಇಲ್ಲ |
| ಹಾಲ್ ಕಿಟಕಿ | 6 ಅಡಿ | 1 | 7½ ಅಡಿ | 7 ಅಡಿ |
| ಉಳಿದ ಕಿಟಕಿ | 4 ಅಡಿ | 4 | 5½ ಅಡಿ | 5 ಅಡಿ |
| ವೆಂಟಿಲೇಟರ್ | 2 ಅಡಿ | 1 | 3½ ಅಡಿ | 3 ಅಡಿ |

ಕೂಡಿಸಿದರೆ 12 ಲಿಂಟಲ್ಲು, ಒಟ್ಟು 60 ಅಡಿ. ಸಜ್ಜ 8, ಒಟ್ಟು 38½ ಅಡಿ. ಮನೆ ಸುತ್ತ ಬಿಡದೆ ಒಂದೇ ಬ್ಯಾಂಡ್ ಆಗಿ ಲಿಂಟಲ್ ಹಾಕುವುದಾದರೆ ಈ 60 ಅಡಿಯ ಬದಲು ಎಲ್ಲ ಗೋಡೆಗಳ ಉದ್ದ ಬರುತ್ತದೆ, ಮೂಲೆಗಳಲ್ಲಿ ಕಂಬಿಯ ಜೋಡಣೆಯೂ ಸೇರುತ್ತದೆ. ಈ ಮನೆಗೆ ಇಂಜಿನಿಯರ್ ಬಿಡಿ ಲಿಂಟಲ್ ಕೊಟ್ಟಿದ್ದರು.

ಲಿಂಟಲ್ ಎಷ್ಟು ದಪ್ಪ?

ಲಿಂಟಲ್ಲಿನ ಅಗಲ ಗೋಡೆಯಷ್ಟೇ, 9 ಇಂಚು. ದಪ್ಪ 6 ಇಂಚು. ಹಾಲ್ ಕಿಟಕಿಗೆ ಮಾತ್ರ ನಕ್ಷೆಯಲ್ಲಿ 9 ಇಂಚು ಇತ್ತು. ಮೇಸ್ತ್ರಿಗೆ ಅದು ಇಷ್ಟವಿರಲಿಲ್ಲ. "ಎಲ್ಲಾ ಒಂದೇ ಮಟ್ಟಕ್ಕೆ ಬಂದ್ರೆ ವರಸೆ ಸರಿಯಾಗಿ ಕೂರ್ತದೆ ಸಾರ್. ಇದೊಂದಕ್ಕೆ ಯಾಕೆ ಬೇರೆ?"

ಕೇಳಬೇಕಾದ ಪ್ರಶ್ನೆಯೇ. ಗೋಡೆ ಎತ್ತರವಾಗಿದ್ದರೆ ಲಿಂಟಲ್ಲಿನ ಮೇಲೆ ಬೀಳುವುದು ಒಂದು ತ್ರಿಕೋನದಷ್ಟು ಇಟ್ಟಿಗೆಯ ಭಾರ ಮಾತ್ರ. ಅದರಾಚೆಯ ಇಟ್ಟಿಗೆಗಳು ಒಂದಕ್ಕೊಂದು ಒರಗಿ ಕಮಾನಿನಂತೆ ನಿಂತು, ಭಾರವನ್ನು ಅಕ್ಕಪಕ್ಕದ ಗೋಡೆಗೆ ದಾಟಿಸುತ್ತವೆ. ಆದರೆ ತ್ರಿಕೋನದ ತುದಿ ಮುಗಿಯುವ ಮೊದಲೇ ಸ್ಲ್ಯಾಬ್ ಬಂದರೆ ಈ ಲೆಕ್ಕ ನಡೆಯುವುದಿಲ್ಲ, ಸ್ಲ್ಯಾಬಿನ ಭಾರವೂ ಲಿಂಟಲ್ಲಿಗೆ ಬರುತ್ತದೆ. ಇಲ್ಲಿ 7 ಅಡಿಗೆ ಲಿಂಟಲ್ ತಳ, 10 ಅಡಿಗೆ ಸ್ಲ್ಯಾಬ್. 6 ಇಂಚು ಲಿಂಟಲ್ ಕಳೆದರೆ ಮೇಲೆ ಉಳಿಯುವ ಗೋಡೆ ಎರಡೂವರೆ ಅಡಿ. 6 ಅಡಿ ಕಿಟಕಿಯ ತ್ರಿಕೋನ 45 ಡಿಗ್ರಿ ಹಿಡಿದರೂ ಮೂರು ಅಡಿ ಮೇಲೆ ಹೋಗುತ್ತದೆ. ಅಂದರೆ ಹಾಲ್ ಸ್ಲ್ಯಾಬಿನ ಭಾರ ಅಲ್ಲಿ ನೇರವಾಗಿ ಕೂರುತ್ತದೆ.

ಹಾಲ್ ಸ್ಲ್ಯಾಬ್ 12 ಅಡಿ ಅಗಲದ್ದು. ಆ ಭಾರ ಸೇರಿಸಿ ನೋಡಿದಾಗ, 6 ಇಂಚು ದಪ್ಪದಲ್ಲಿ ಎಷ್ಟು ಕಂಬಿ ಹಾಕಿದರೂ ಸಾಲದು ಅಂತ ಬಂತು. ತಳದ ಕಂಬಿ ಸೋಲುವ ಮೊದಲೇ ಮೇಲಿನ ಕಾಂಕ್ರೀಟು ನುಜ್ಜಾಗುತ್ತದೆ. 9 ಇಂಚು ಮಾಡಿದರೆ ಉಳಿದ ಲಿಂಟಲ್ಲುಗಳಂತೆ ತಳದಲ್ಲಿ ಎರಡು 12 ಎಂಎಂ ಕಂಬಿಯಲ್ಲೇ ಮುಗಿಯುತ್ತದೆ. 4 ಅಡಿ ಕಿಟಕಿಗಳಿಗೆ ಸ್ಲ್ಯಾಬಿನ ಭಾರ ಪೂರ್ತಿ ಬಂತು ಅಂತ ಹಿಡಿದರೂ 6 ಇಂಚು ಸಾಕು. ವರಸೆಯ ತೊಂದರೆ ಒಂದೇ ಒಂದು ಇಟ್ಟಿಗೆ ಸಾಲಿನದು. ಮೇಸ್ತ್ರಿ ಒಪ್ಪಿದರು.

ಕಾಂಕ್ರೀಟು

ಇದು ಬೇಗ ಮುಗಿಯುತ್ತದೆ. 6 ಇಂಚು ದಪ್ಪದ ಲಿಂಟಲ್ 52½ ಅಡಿ ಇದೆ. ಒಂದು ಅಡಿ ಉದ್ದಕ್ಕೆ 0.75 × 0.5 = 0.375 ಘನ ಅಡಿಯಂತೆ 19.7 ಆಯಿತು. ಹಾಲ್ ಲಿಂಟಲ್ 7.5 × 0.75 × 0.75 = 4.2. ಎರಡೂ ಸೇರಿ 23.9 ಘನ ಅಡಿ.

ಸಜ್ಜ ಗೋಡೆಯಿಂದ 2 ಅಡಿ ಹೊರಗೆ. ಗೋಡೆ ಹತ್ತಿರ 4 ಇಂಚು ದಪ್ಪ, ತುದಿಯಲ್ಲಿ 3 ಇಂಚು. ಸರಾಸರಿ 3½ ಇಂಚು. ಒಂದು ಅಡಿ ಉದ್ದಕ್ಕೆ 0.583 ಘನ ಅಡಿ. 38½ ಅಡಿಗೆ 22.5.

ನೋಡಿ, ಲಿಂಟಲ್ಲಿನಷ್ಟೇ ಕಾಂಕ್ರೀಟು ಸಜ್ಜಕ್ಕೂ ಹಿಡಿಯುತ್ತದೆ. ಸಜ್ಜ ತೆಳ್ಳಗೆ ಕಾಣುತ್ತದೆ ಅಂತ ಅದನ್ನು ಲಿಂಟಲ್ಲಿನ ಜೊತೆ 'ಸ್ವಲ್ಪ' ಅಂತ ಸೇರಿಸಿಬಿಡುವವರು ಸಿಮೆಂಟಿನಲ್ಲಿ ಅರ್ಧಕ್ಕರ್ಧ ತಪ್ಪುತ್ತಾರೆ. ಒಟ್ಟು 46.4 ಘನ ಅಡಿ.

1:1½:3 ಮಿಶ್ರಣದಲ್ಲಿ ನೂರು ಘನ ಅಡಿಗೆ ಸುಮಾರು 23 ಮೂಟೆ ಸಿಮೆಂಟು, 42 ಅಡಿ ಮರಳು, 84 ಅಡಿ ಜಲ್ಲಿ ಬೇಕು. ಜಲ್ಲಿಯ ಸಂದುಗಳಲ್ಲಿ ಮರಳು, ಮರಳಿನ ಸಂದುಗಳಲ್ಲಿ ಸಿಮೆಂಟು ಸೇರಿಕೊಳ್ಳುವುದರಿಂದ ಒಣ ಸಾಮಾನು ಒದ್ದೆ ಕಾಂಕ್ರೀಟಿಗಿಂತ ಒಂದೂವರೆ ಪಟ್ಟು ಜಾಸ್ತಿ ಇರುತ್ತದೆ. ನಮ್ಮ 46.4ಕ್ಕೆ ಹತ್ತೂವರೆ ಮೂಟೆಗಿಂತ ಚೂರು ಜಾಸ್ತಿ, 19½ ಅಡಿ ಎಂ-ಸ್ಯಾಂಡ್, 39 ಅಡಿ ಜಲ್ಲಿ. ಚೆಲ್ಲುವುದಕ್ಕೆ ಸ್ವಲ್ಪ ಸೇರಿಸಿ 11 ಮೂಟೆ ಬರೆದೆ. ಮೇಸ್ತ್ರಿಯ ಹತ್ತು ಮೂಟೆ ಇಲ್ಲಿ ತೀರಾ ದೂರವೇನಿರಲಿಲ್ಲ. ಸೈಟಿನಲ್ಲಿ ಅಳೆದು ನೋಡಲು ಒಂದು ಸುಲಭ ಲೆಕ್ಕವಿದೆ. ಒಂದು ಮೂಟೆ ಸಿಮೆಂಟಿನ ಮಾಲು 4.4 ಘನ ಅಡಿ ತುಂಬಬೇಕು. 4 ಅಡಿ ಕಿಟಕಿಯ ಲಿಂಟಲ್ಲು ಸಜ್ಜ ಸೇರಿ 5 ಘನ ಅಡಿ. ಅಂದರೆ ಒಂದು ಕಿಟಕಿಗೆ ಒಂದು ಮೂಟೆಯೂ ಮೇಲೆ ಚೂರೂ. ಒಂದು ಮೂಟೆಯಲ್ಲೇ ಎರಡು ಕಿಟಕಿ ಮುಗಿದರೆ ಮಾಲು ಬಡವಾಗಿದೆ ಅಂತ ಅರ್ಥ.

ಜಲ್ಲಿ ಮಾತ್ರ ಅರ್ಧ ಇಂಚಿನದು ತರಿಸಿದೆ. ಸಜ್ಜದ ತುದಿಯ 3 ಇಂಚಿನಲ್ಲಿ ಕಂಬಿ ಎರಡು ಪದರ ಇರುತ್ತದೆ. ಮುಕ್ಕಾಲು ಇಂಚಿನ ಜಲ್ಲಿ ಅಲ್ಲಿ ಸಿಕ್ಕಿಕೊಂಡರೆ ಕೆಳಗೆ ಕಾಂಕ್ರೀಟು ಇಳಿಯದೆ ಜೇನುಗೂಡಿನಂತೆ ತೂತು ಬೀಳುತ್ತದೆ.

ಒಂದು ಕಿಟಕಿಯ ಕಬ್ಬಿಣ, ಬಿಡಿಸಿ

ಕಬ್ಬಿಣಕ್ಕೆ ಬೇಕಾಗುವ ಸೂತ್ರ ಒಂದೇ. ಕಂಬಿಯ ದಪ್ಪ ಎಂಎಂನಲ್ಲಿ D ಆದರೆ:

```
kg/m  = D*D/162
kg/ft = D*D/533
```

8 ಎಂಎಂ ಅಡಿಗೆ 0.12 ಕೆಜಿ, 10 ಎಂಎಂ 0.188, 12 ಎಂಎಂ 0.27.

4 ಅಡಿ ಕಿಟಕಿಯನ್ನೇ ತೆಗೆದುಕೊಳ್ಳೋಣ. ಲಿಂಟಲ್ 5½ ಅಡಿ, ಅಂದರೆ 66 ಇಂಚು. ಕಂಬಿಯನ್ನು ಮುಚ್ಚುವ ಕಾಂಕ್ರೀಟಿಗೆ, ಅಂದರೆ ಕವರ್‌ಗೆ, ಎರಡೂ ತುದಿಯಲ್ಲಿ ಒಂದೊಂದು ಇಂಚು ಬಿಟ್ಟರೆ 64 ಇಂಚು. ಕೆಳಗಿನ ಎರಡು 12 ಎಂಎಂ ಕಂಬಿಗೆ ಎರಡೂ ತುದಿಯಲ್ಲಿ 3 ಇಂಚು ಮೇಲಕ್ಕೆ ಬಗ್ಗಿಸಿದ ಕೊಕ್ಕೆ ಇದೆ, ಹಾಗಾಗಿ ಒಂದೊಂದು 70 ಇಂಚು. ಎರಡಕ್ಕೆ 3.15 ಕೆಜಿ. ಮೇಲಿನ ಎರಡು 10 ಎಂಎಂ ನೇರ ಕಂಬಿ, 64 ಇಂಚಿನವು, 2 ಕೆಜಿ.

ರಿಂಗು 8 ಎಂಎಂ. ನಾಲ್ಕೂ ಕಡೆ ಕವರ್ ಕಳೆದರೆ ರಿಂಗಿನ ಅಳತೆ 7 × 4 ಇಂಚು, ಸುತ್ತಳತೆ 22. ಕೊಕ್ಕೆ ಎರಡಕ್ಕೆ 6 ಸೇರಿಸಬೇಕು. ಕಂಬಿ ಬಗ್ಗುವ ಕಡೆ ಮೂಲೆ ತಿರುವಿನಲ್ಲಿ ಉದ್ದ ಉಳಿಯುತ್ತದೆ, ಅದಕ್ಕೆ 3 ಕಳೆದೆ. 25 ಇಂಚು. ಬಾರ್ ಬೆಂಡರ್ ಹುಡುಗ 28ಕ್ಕೆ ಕತ್ತರಿಸಲು ಹೊರಟಿದ್ದ. ಒಂದು ರಿಂಗು 25ಕ್ಕೆ ಕತ್ತರಿಸಿ ಬಗ್ಗಿಸಿ ನೋಡಿದ ಮೇಲೆ ಸರಿಯಾಯಿತು. ಮನೆಯಲ್ಲಿ ಈ ಅಳತೆಯ ರಿಂಗು 116 ಇವೆ. ಮೂರು ಮೂರು ಇಂಚಿನಂತೆ 29 ಅಡಿ ಕಂಬಿ ಕೊಕ್ಕೆಯಲ್ಲೇ ಹೋಗುತ್ತಿತ್ತು. ಒಂದು ಲಿಂಟಲ್ಲಿಗೆ 6 ಇಂಚಿಗೊಂದರಂತೆ 12 ರಿಂಗು, 3 ಕೆಜಿ.

ಲಿಂಟಲ್ಲಿಗೆ ಒಟ್ಟು 8.15 ಕೆಜಿ. ಅದರ ಕಾಂಕ್ರೀಟು ಕೇವಲ 2 ಘನ ಅಡಿ. ಶೇಕಡಾ ಲೆಕ್ಕದಲ್ಲಿ 1.8 ಹತ್ತಿರ. ಶೇಕಡಾ 1 ಎಲ್ಲಿ ಕೆಟ್ಟಿತು ಅಂತ ಇಲ್ಲೇ ಗೊತ್ತಾಗುತ್ತದೆ.

ಇನ್ನು ಸಜ್ಜ. ಇದರ ಮುಖ್ಯ ಕಂಬಿ ಗೋಡೆಗೆ ಅಡ್ಡಲಾಗಿ, ಹೊರಗಿನ ತುದಿಯಿಂದ ಲಿಂಟಲ್ಲಿನ ಒಳಗೆ ಹೋಗುವುದು. 8 ಎಂಎಂ, 6 ಇಂಚಿಗೊಂದು. ಸಜ್ಜದ ಮೇಲ್ಮಟ್ಟ ಮತ್ತು ಲಿಂಟಲ್ಲಿನ ಮೇಲ್ಮಟ್ಟ ಒಂದೇ ಇರುವುದರಿಂದ ಈ ಕಂಬಿ ಲಿಂಟಲ್ಲಿನ ಮೇಲಿನ ಕಂಬಿಗಳ ಮೇಲೆ ಹಾದು ಹೋಗುತ್ತದೆ. ಹೊರಗಿನ ಭಾಗ 23 ಇಂಚು. ತುದಿಯಲ್ಲಿ 2 ಇಂಚಿನ ಬಗ್ಗು. ಗೋಡೆಯ ಹೊರಮುಖದಿಂದ ಲಿಂಟಲ್ಲಿನ ಹಿಂಬದಿಯವರೆಗೆ 8 ಇಂಚು, ಅಲ್ಲಿಂದ ಕೆಳಕ್ಕೆ 4, ಮತ್ತೆ ತಳದಲ್ಲಿ ಹೊರಗಡೆಗೆ ತಿರುಗಿ 7. ಲಿಂಟಲ್ಲಿನ ಒಳಗೆ ಸುತ್ತಿಕೊಂಡ ಭಾಗ 19 ಇಂಚು.

ಆ 19 ಸುಮ್ನೆ ಬರೆದದ್ದಲ್ಲ. ನಮ್ಮ 1:1½:3 ಮಿಶ್ರಣದ, ಅಂದರೆ ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ಎಫ್‌ಇ 500 ದರ್ಜೆಯ ಕಂಬಿಯನ್ನು ಅದರ ಪೂರ್ತಿ ಶಕ್ತಿಯವರೆಗೆ ಎಳೆದರೂ ಜಾರಬಾರದು ಅಂದರೆ ಅದರ ದಪ್ಪದ 57 ಪಟ್ಟು ಉದ್ದ ಕಾಂಕ್ರೀಟಿನಲ್ಲಿ ಹೂತಿರಬೇಕು. 8 ಎಂಎಂಗೆ ಸುಮಾರು 18 ಇಂಚು. ಲಿಂಟಲ್ಲಿನ ಅಗಲ 9 ಇಂಚು ಮಾತ್ರ ಇರುವುದರಿಂದ ಸುತ್ತಿ ತಂದರೆ ಮಾತ್ರ ಅಷ್ಟು ಸಿಗುತ್ತದೆ. ಲಿಂಟಲ್ಲಿನ ಒಳಕ್ಕೆ 6 ಇಂಚು ತೂರಿಸಿ ಬಿಟ್ಟ ಸಜ್ಜದ ಕಂಬಿಯನ್ನು ನಾನು ಬೇಕಾದಷ್ಟು ಸೈಟುಗಳಲ್ಲಿ ನೋಡಿದ್ದೇನೆ. ಸಜ್ಜದ ಭಾರ ಕಡಿಮೆ, ಹಾಗಾಗಿ ಬಹಳಷ್ಟು ಕಡೆ ಏನೂ ಆಗದೆ ನಿಂತಿರುತ್ತವೆ. ಹಾಗಂತ ಉಳಿಯುವ ಕಬ್ಬಿಣ ಎಷ್ಟು? ಕಂಬಿಗೆ ಒಂದು ಅಡಿ. ಅಷ್ಟಕ್ಕೋಸ್ಕರ ಹಾಗೆ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಂದು ಕಂಬಿ 23 + 2 + 19 = 44 ಇಂಚು. 5 ಅಡಿ ಸಜ್ಜಕ್ಕೆ ಇಂಥವು 11. 4.84 ಕೆಜಿ. ಇವುಗಳ ಕೆಳಗೆ ಗೋಡೆಗೆ ಸಮಾನವಾಗಿ ಓಡುವ ಅಡ್ಡ ಕಂಬಿ, 8 ಎಂಎಂ, 8 ಇಂಚಿಗೊಂದು, 4 ಕಂಬಿ. 2.3 ಕೆಜಿ. ಸಜ್ಜಕ್ಕೆ ಒಟ್ಟು 7.15 ಕೆಜಿ. ಒಂದು ಕಿಟಕಿಗೆ ಲಿಂಟಲ್ಲು ಸಜ್ಜ ಸೇರಿ 15.3 ಕೆಜಿ. ಶೇಕಡಾ 1 ಹಿಡಿದಿದ್ದರೆ 11 ಕೆಜಿ ಆಗುತ್ತಿತ್ತು.

ಇಡೀ ಮನೆ, ಮತ್ತು ಅಂಗಡಿಗೆ ಕೊಡುವ ಚೀಟಿ

ಹೀಗೇ ಉಳಿದವನ್ನೂ ಬರೆದೆ. 12 ಎಂಎಂ 128 ಅಡಿ, 34.6 ಕೆಜಿ. 10 ಎಂಎಂ 116 ಅಡಿ, 21.8 ಕೆಜಿ. 8 ಎಂಎಂನಲ್ಲಿ ರಿಂಗು 34 ಕೆಜಿ, ಸಜ್ಜದ ಮುಖ್ಯ ಕಂಬಿ 38, ಅಡ್ಡ ಕಂಬಿ 18. ಒಟ್ಟು 146 ಕೆಜಿ. ಅಂದರೆ ಶೇಕಡಾ 1.4. ಮೇಸ್ತ್ರಿಯ ಕ್ವಿಂಟಾಲ್ ತರಿಸಿದ್ದರೆ ಅರ್ಧ ಕ್ವಿಂಟಾಲ್ ಹತ್ತಿರ ಕಡಿಮೆ ಬೀಳುತ್ತಿತ್ತು. ಆಗ ಏನಾಗುತ್ತದೆ ಅಂತ ಸೈಟು ಕಂಡವರಿಗೆ ಗೊತ್ತು. ಮತ್ತೆ ಅಂಗಡಿಗೆ ಹೋಗುವುದಿಲ್ಲ, ಸಜ್ಜದ ಕಂಬಿ 6 ಇಂಚಿನ ಬದಲು 9 ಇಂಚಿಗೆ ಹೋಗುತ್ತದೆ.

ಆದರೆ ಅಂಗಡಿಯವನಿಗೆ 146 ಕೆಜಿ ಅಂತ ಹೇಳಿ ಪ್ರಯೋಜನವಿಲ್ಲ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ, 39 ಅಡಿ 4 ಇಂಚು. ಕತ್ತರಿಸುವಾಗ ತುಂಡು ಉಳಿಯುತ್ತದೆ. ಅದಕ್ಕೆ ಕತ್ತರಿಸುವ ಪಟ್ಟಿ ಮೊದಲೇ ಮಾಡಬೇಕು. ಇಡೀ ಲೆಕ್ಕದಲ್ಲಿ ನನಗೆ ಖುಷಿ ಕೊಡುವ ಭಾಗ ಇದೇ.

10 ಎಂಎಂನಲ್ಲಿ 116 ಅಡಿ ಬೇಕು, ಮೂರು ಕಂಬಿಯಲ್ಲಿ 118 ಅಡಿ ಇದೆ. ಕೂರುವುದು ಕಷ್ಟ ಅನಿಸುತ್ತದೆ. ಕೂರುತ್ತದೆ. ಮೊದಲ ಕಂಬಿಯಲ್ಲಿ ಹಾಲ್ ಕಿಟಕಿಯ ಎರಡು, 4 ಅಡಿ ಕಿಟಕಿಗಳ ಮೂರು, 3 ಅಡಿ ಬಾಗಿಲಿನ ಎರಡು ತುಂಡು ತೆಗೆದರೆ ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ಕಿಟಕಿಯ ಉಳಿದ ಐದು, ಬಾಗಿಲಿನ ಎರಡು, ಬಚ್ಚಲ ಬಾಗಿಲಿನ ಒಂದು. ಮೂರನೆಯದರಲ್ಲಿ ಮಿಕ್ಕದ್ದೆಲ್ಲ, ಸುಮಾರು ಎರಡು ಅಡಿ ತುಂಡು ಉಳಿಯುತ್ತದೆ. ಉದ್ದದ್ದನ್ನು ಮೊದಲು ಕತ್ತರಿಸಬೇಕು, ಅಷ್ಟೇ. ಎಲ್ಲರೂ ಮಾಡುವಂತೆ ಬಾಗಿಲಿನದೆಲ್ಲ ಒಂದು ಕಂಬಿಯಲ್ಲಿ, ಕಿಟಕಿಯದೆಲ್ಲ ಒಂದರಲ್ಲಿ ಅಂತ ಹೋದರೆ ನಾಲ್ಕನೆಯ ಕಂಬಿ ಬೇಕಾಗುತ್ತದೆ.

8 ಎಂಎಂನಲ್ಲೂ ಇಂಥದ್ದೇ ಒಂದಿದೆ. ಒಂದು ಕಂಬಿ 472 ಇಂಚು. 44 ಇಂಚಿನ ಸಜ್ಜದ ಕಂಬಿ ಹತ್ತು ತೆಗೆದರೆ 32 ಇಂಚು ಉಳಿಯುತ್ತದೆ. ಅದರಲ್ಲಿ ಒಂದು ರಿಂಗು ಬರುತ್ತದೆ. ಹೀಗೆ ಏಳು ಕಂಬಿಯಲ್ಲಿ ಏಳು ರಿಂಗು ಪುಕ್ಕಟೆ. ಹಾಲ್ ಲಿಂಟಲ್ಲು 9 ಇಂಚು ದಪ್ಪ ಇರುವುದರಿಂದ ಅದರ ಸಜ್ಜದ ಕಂಬಿ 47 ಇಂಚು, ಒಂದು ಕಂಬಿಯಲ್ಲಿ ಸರಿಯಾಗಿ ಹತ್ತು. ಎಲ್ಲ ಸೇರಿ 8 ಎಂಎಂ 20 ಕಂಬಿ.

ಚೀಟಿಯಲ್ಲಿ ಬರೆದದ್ದು ಹೀಗೆ: 8 ಎಂಎಂ 20, 10 ಎಂಎಂ 3, 12 ಎಂಎಂ 4, ಕಟ್ಟುವ ತಂತಿ ಒಂದೂವರೆ ಕೆಜಿ. ತೂಕದಲ್ಲಿ ಸುಮಾರು 160 ಕೆಜಿ. 12 ಎಂಎಂನ ನಾಲ್ಕನೆಯ ಕಂಬಿಯಲ್ಲಿ ಸ್ವಲ್ಪವೇ ಬಳಕೆ, 29 ಅಡಿ ಉಳಿಯುತ್ತದೆ. ಅದು ಮುಂದೆ ಸ್ಲ್ಯಾಬಿಗೋ ಅಟ್ಟಕ್ಕೋ ಹೋಗುತ್ತದೆ.

ಚೀಟಿಯಲ್ಲಿ ಕೆಜಿ ಬದಲು ಕಂಬಿಯ ಎಣಿಕೆ ಬರೆಯಲು ಇನ್ನೊಂದು ಕಾರಣವೂ ಇದೆ. ಕಂಬಿಗೆ ಇರುವ ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ 8 ಮತ್ತು 10 ಎಂಎಂ ಕಂಬಿಯ ತೂಕ ಶೇಕಡಾ 7 ಆಚೀಚೆ ಇರಬಹುದು. 4.74 ಕೆಜಿ ಇರಬೇಕಾದ 8 ಎಂಎಂ ಕಂಬಿ 5 ಕೆಜಿ ತೂಗಿದರೂ ಅದು ಸರಿಯೇ. ಆಗ ಕೆಜಿ ಲೆಕ್ಕದಲ್ಲಿ ತಂದವರಿಗೆ ಒಂದೆರಡು ಕಂಬಿ ಕಡಿಮೆ ಬೀಳುತ್ತದೆ. 4.4 ಕೆಜಿಗಿಂತ ಕಡಿಮೆ ತೂಗಿದರೆ ಮಾತ್ರ ಲೋಡು ವಾಪಸ್ ಕಳಿಸಬೇಕು. ನಾವು ಹತ್ತು ಕಂಬಿ ಒಟ್ಟಿಗೆ ಹಾಕಿ ತೂಗಿಸಿದೆವು. 46 ಕೆಜಿ ಚಿಲ್ಲರೆ ಬಂತು, ಸರಿಯಾಗಿದೆ.

ಅಂದ ಹಾಗೆ, ಇಟ್ಟಿಗೆ ಲೆಕ್ಕ ಹಾಕುವಾಗ ಬಾಗಿಲು ಕಿಟಕಿ ಕಳೆಯುತ್ತೇವೆ, ಲಿಂಟಲ್ ಕಳೆಯುವುದನ್ನು ಮರೆಯುತ್ತೇವೆ. ಇಲ್ಲಿ 24 ಘನ ಅಡಿ ಅಂದರೆ ಸುಮಾರು 330 ಇಟ್ಟಿಗೆ.

ಕಟ್ಟುವಾಗ ಎಲ್ಲಿ ನಿಂತು ನೋಡಬೇಕು

ಸಜ್ಜದ ಮೇಲ್ಮಟ್ಟ ಲಿಂಟಲ್ಲಿನ ಮೇಲ್ಮಟ್ಟಕ್ಕೆ ಸಮ ಇರುವುದರಿಂದ ಸಜ್ಜದ ತಳ ಲಿಂಟಲ್ಲಿನ ತಳಕ್ಕಿಂತ 2 ಇಂಚು ಮೇಲೆ ಬರುತ್ತದೆ, ಹಾಲ್ ಕಿಟಕಿಯಲ್ಲಿ 5 ಇಂಚು. ಸೆಂಟ್ರಿಂಗಿನವನಿಗೆ ಇದು ಬೇಸರ. ಒಂದೇ ಹಲಗೆ ಹಾಸಿ ಮುಗಿಸಲು ಆಗುವುದಿಲ್ಲ, ಮೆಟ್ಟಿಲು ಮಾಡಬೇಕು. ತಳ ಸಮ ಮಾಡಿದರೆ ಅವನ ಕೆಲಸ ಸುಲಭ, ಆದರೆ ಸಜ್ಜದ ಕಂಬಿ ಲಿಂಟಲ್ಲಿನ ನಡುವೆ ಹೊಕ್ಕು ಕೆಳಕ್ಕೆ ಬಗ್ಗಲು ಜಾಗವಿರುವುದಿಲ್ಲ.

ಸಜ್ಜದಲ್ಲಿ ಕಂಬಿ ಮೇಲೆ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಕಟ್ಟುವಾಗ ಮೇಲೇ ಇರುತ್ತದೆ. ಕಾಂಕ್ರೀಟು ಹಾಕುವಾಗ ಬಾಣಲಿ ಹೊತ್ತವನು ಅದರ ಮೇಲೆ ಕಾಲಿಟ್ಟರೆ ಕೆಳಗೆ ಹೋಗಿಬಿಡುತ್ತದೆ. ಮೇಲೆ ಕಾಂಕ್ರೀಟು ಮುಚ್ಚಿದ ನಂತರ ಯಾರಿಗೂ ಕಾಣುವುದಿಲ್ಲ. ಅದಕ್ಕೆ ಉಳಿದ 8 ಎಂಎಂ ತುಂಡುಗಳಲ್ಲಿ ಎರಡೂವರೆ ಇಂಚು ಎತ್ತರದ ಕುರ್ಚಿ ಮಾಡಿಸಿ, ಅಡ್ಡ ಕಂಬಿಗಳ ಕೆಳಗೆ ಎರಡಡಿಗೊಂದು ಇಟ್ಟೆವು. ತುದಿ ಕಡೆ ದಪ್ಪ ಕಡಿಮೆ, ಅಲ್ಲಿಗೆ ಒಂದೂವರೆ ಇಂಚಿನದು. ಕಾಂಕ್ರೀಟು ಬೀಳುವ ಮೊದಲು ಟೇಪಿನ ತುದಿ ಹಲಗೆಗೆ ತಾಗಿಸಿ ನೋಡಿದೆ. ಗೋಡೆಯ ಹತ್ತಿರ ಹಲಗೆಯಿಂದ ಮುಖ್ಯ ಕಂಬಿಗೆ 3 ಇಂಚು ಬರಬೇಕು. ಹಿತ್ತಿಲ ಬಾಗಿಲಿನ ಸಜ್ಜದಲ್ಲಿ ಎರಡಿತ್ತು, ಕುರ್ಚಿ ಮಗುಚಿತ್ತು. ಎತ್ತಿ ಕಟ್ಟಿಸಿದೆ.

ಕಂಬಿ ಕೆಳಗೆ ಹೋದ ಸಜ್ಜವನ್ನು ಆಮೇಲೆ ಗುರುತಿಸುವುದು ಸುಲಭ. ಸಜ್ಜದ ಮೇಲೆ, ಗೋಡೆ ಸೇರುವ ಗೆರೆಯಲ್ಲಿ, ಗೋಡೆಗೆ ಸಮಾನವಾಗಿ ಉದ್ದಕ್ಕೆ ಬಿರುಕು ಬರುತ್ತದೆ. ಮಳೆಗಾಲದಲ್ಲಿ ಕಿಟಕಿ ಚೌಕಟ್ಟಿನ ಮೇಲೆ ಒಳಗೋಡೆ ಒದ್ದೆಯಾಗುತ್ತದೆ. ಜನ ಅದನ್ನು ಪ್ಲಾಸ್ಟರ್ ಬಿರುಕು ಅಂದುಕೊಂಡು ಸಿಮೆಂಟು ಬಳಿಯುತ್ತಾರೆ. ಪ್ಲಾಸ್ಟರ್ ಬಿರುಕು ಅಡ್ಡಾದಿಡ್ಡಿ ಇರುತ್ತದೆ. ಇದು ಹಗ್ಗ ಹಿಡಿದಂತೆ ನೇರ.

ಕಾಂಕ್ರೀಟು ಲಿಂಟಲ್ಲಿಗೂ ಸಜ್ಜಕ್ಕೂ ಒಂದೇ ಸಲ ಹಾಕಿದೆವು. ಇವತ್ತು ಲಿಂಟಲ್ ತುಂಬಿಸಿ ನಾಳೆ ಸಜ್ಜ ಅಂತ ಬಿಟ್ಟರೆ, ಬಿರುಕು ಬರುವ ಗೆರೆಯಲ್ಲೇ ನಾವೇ ಒಂದು ಸಂದು ಮಾಡಿಟ್ಟಂತೆ. ಕೊನೆಗೆ ಸಿಮೆಂಟು 12 ಮೂಟೆ ಹೋಯಿತು, ನನ್ನ ಲೆಕ್ಕಕ್ಕಿಂತ ಒಂದು ಜಾಸ್ತಿ. ಅಳೆದು ನೋಡಿದರೆ ಸಜ್ಜದ ದಪ್ಪ ಬಹಳ ಕಡೆ ಅರ್ಧ ಇಂಚು ಹೆಚ್ಚಿಗೆ ಬಂದಿತ್ತು. 77 ಚದರ ಅಡಿಗೆ ಅರ್ಧ ಇಂಚು ಅಂದರೆ 3 ಘನ ಅಡಿ ಮೇಲೆ, ಮುಕ್ಕಾಲು ಮೂಟೆ. ತೆಳು ಕೆಲಸದಲ್ಲಿ ಸಣ್ಣ ತಪ್ಪಿಗೂ ಸಿಮೆಂಟು ಹೀಗೆ ತಿನ್ನುತ್ತದೆ.

ಸರ್ವೆ ಕಂಬ ಯಾವಾಗ ತೆಗೆಯಬೇಕು

ಹತ್ತು ದಿನ ಕಳೆದ ಮೇಲೆ ಸೆಂಟ್ರಿಂಗಿನವನು ಬಂದ. ಬೇರೆ ಸೈಟಿಗೆ ಹಲಗೆ, ಕಂಬ ಬೇಕಂತೆ. ಭಾವ ತೆಗೆಯಲಿ ಬಿಡು ಅಂದರು. "ಕಾಂಕ್ರೀಟು ಕಲ್ಲಾಗಿದೆ ಅಲ್ವಾ?"

ಕಾಂಕ್ರೀಟು ಕಲ್ಲಾಗಿತ್ತು. ತೊಂದರೆ ಇರುವುದು ಅದರಲ್ಲಲ್ಲ. ಸಜ್ಜ ಮುಗುಚದೆ ನಿಲ್ಲುವುದು ಲಿಂಟಲ್ಲಿನ ಮೇಲೆ ಗೋಡೆ ಕೂತಿರುವುದರಿಂದ. 4 ಅಡಿ ಕಿಟಕಿಯದ್ದೇ ಲೆಕ್ಕ ತೋರಿಸಿದೆ. ಕಾಂಕ್ರೀಟು ಘನ ಅಡಿಗೆ 71 ಕೆಜಿ ಅಂದರೆ ಆ ಸಜ್ಜ 207 ಕೆಜಿ. ಅದರ ಭಾರ ಗೋಡೆಯ ಹೊರಮುಖದಿಂದ ಸುಮಾರು ಒಂದು ಅಡಿ ದೂರದಲ್ಲಿ ಎಳೆಯುತ್ತದೆ. ಭಾರವನ್ನು ದೂರದಿಂದ ಗುಣಿಸಿದರೆ ಹೊರಗೆ ಮುಗುಚುವ ಎಳೆತ 200 ಹತ್ತಿರ. ಹಿಡಿದಿಡಬೇಕಾದ ಲಿಂಟಲ್ಲು 146 ಕೆಜಿ, ಅದು ಕೂತಿರುವುದು ಹೊರಮುಖದಿಂದ ನಾಲ್ಕೂವರೆ ಇಂಚು ಒಳಗೆ. ಅದರ ಪಾಲು 55 ಮಾತ್ರ. ಕೆಳಗಿನ ಕಂಬ ಎಳೆದರೆ ಲಿಂಟಲ್ಲು ಸಜ್ಜ ಎರಡೂ ಒಟ್ಟಿಗೆ ಹೊರಕ್ಕೆ ಮಗುಚುತ್ತವೆ.

ಮೇಲೆ ಎರಡೂವರೆ ಅಡಿ ಗೋಡೆ ಕಟ್ಟಿದರೆ ಆ 5½ ಅಡಿ ಉದ್ದದಲ್ಲಿ 550 ಕೆಜಿ ಸೇರುತ್ತದೆ, ಹಿಡಿಯುವ ಪಾಲು 260 ದಾಟುತ್ತದೆ. 200ಕ್ಕೆ 260, ನಿಂತುಕೊಳ್ಳುತ್ತದೆ. ಆದರೆ ಪ್ಲಾಸ್ಟರಿಗೋ ನೀರು ಹಾಕುವುದಕ್ಕೋ 70 ಕೆಜಿಯ ಒಬ್ಬ ಸಜ್ಜದ ಅಂಚಿಗೆ ಬಂದು ನಿಂತರೆ ಎರಡು ಅಡಿ ದೂರಕ್ಕೆ 140 ಸೇರಿ 340. ಮತ್ತೆ ಹೊರಗಿನ ಕೈ ಮೇಲಾಗುತ್ತದೆ. ಸ್ಲ್ಯಾಬಿನ ಭಾರ ಗೋಡೆ ಮೇಲೆ ಕೂತ ನಂತರ ಈ ಭಯ ಇಲ್ಲ.

ಒಳಬಾಗಿಲಿನ ನಾಲ್ಕು ಲಿಂಟಲ್ಲಿಗೆ ಸಜ್ಜ ಇಲ್ಲವಲ್ಲ, ಅವುಗಳ ಹಲಗೆ 14 ದಿನಕ್ಕೆ ತೆಗೆದುಕೊಳ್ಳಲು ಹೇಳಿದೆ. ಸಜ್ಜಗಳ ಪಕ್ಕದ ಹಲಗೆಯೂ ಹೋಗಬಹುದು. ತಳದ ಹಲಗೆ, ಕಂಬ ಮಾತ್ರ ಆರ್‌ಸಿಸಿ ಹಾಕಿ ಅದರ ಸೆಂಟ್ರಿಂಗ್ ಬಿಚ್ಚುವವರೆಗೆ ಇರಲಿ ಅಂದೆ. ಅಷ್ಟು ದಿನದ ಬಾಡಿಗೆ ಯಾರು ಕೊಡೋದು ಅಂತ ಅವನು ಕೇಳಿದ. ನ್ಯಾಯವಾದ ಮಾತೇ. ಭಾವ ಅವನ ಜೊತೆ ಕೂತು ಸ್ಲ್ಯಾಬಿನ ಸೆಂಟ್ರಿಂಗನ್ನೂ ಅವನಿಗೇ ಒಪ್ಪಿಸಿ, ಈ ಬಾಡಿಗೆಯನ್ನು ಅದರಲ್ಲಿ ಸೇರಿಸಿದರು. ಎಸ್ಟಿಮೇಟಿನಲ್ಲಿ ಸಜ್ಜದ ಸೆಂಟ್ರಿಂಗಿಗೆ ಬೇರೆ ಸಾಲು ಬರೆದು ಇಷ್ಟು ದಿನ ಅಂತ ಮೊದಲೇ ನಮೂದಿಸಿದರೆ ಈ ಜಗ್ಗಾಟ ಇರುವುದಿಲ್ಲ. ಮೇಲಿನ ಗೋಡೆಯ ಕೆಲಸ ಸೋಮವಾರ ಶುರುವಾಗುತ್ತದೆ.